ಎಲ್ಲಿದ್ದೀಯಪ್ಪಾ?

(ಅಲ್ಲಾಳಸಂದ್ರದ ಕಾಲೇಜೊಂದರಲ್ಲಿ 2025ರ ಬ್ಯಾಚಿನ ಎಂಜಿನಿಯರಿಂಗ್ ಪದವೀಧರರಿಗೆ ಆಡಿದ ಮಾತು)

ನೀವೆಲ್ಲ ಪರೀಕ್ಷೆ ಬರೆಯದೆ ದ್ವಿತೀಯ ಪಿಯುಸಿ ಪಾಸಾದವರು. ಬೇಜಾರು ಮಾಡಿಕೊಳ್ಳಬೇಡಿ, ಚುಚ್ಚಲು ಹೇಳುತ್ತಿಲ್ಲ. 2020ರ ಮಾರ್ಚ್‌ನಲ್ಲಿ ಕಾಲೇಜು ಮುಚ್ಚಿತು, 2021ರ ಜನವರಿಯಲ್ಲಿ ಅರೆಬರೆ ತೆರೆಯಿತು, ಜೂನ್‌ನಲ್ಲಿ ಸರ್ಕಾರ ಪರೀಕ್ಷೆಯನ್ನೇ ರದ್ದು ಮಾಡಿತು. ಹದಿನೇಳು ವರ್ಷದವರಿಗೆ ಕಾಲೇಜು ಅಂದರೆ ಪಾಠವೊಂದೇ ಅಲ್ಲ. ಹಿಂದಿನ ಬೆಂಚಿನಲ್ಲಿ ಮೇಷ್ಟ್ರ ದನಿಯನ್ನು ಅಣಕಿಸುವುದು, ಒಬ್ಬ ನಕ್ಕರೆ ಕಾರಣ ಗೊತ್ತಿಲ್ಲದಿದ್ದರೂ ಇಡೀ ಸಾಲು ನಗುವುದು, ಇದೆಲ್ಲ ಸೇರಿಯೇ ಕಾಲೇಜು. ನಿಮಗೆ ಸಿಕ್ಕಿದ್ದು ಕ್ಯಾಮೆರಾ ಆಫ್ ಮಾಡಿದ ಕಪ್ಪು ಚೌಕಗಳು. ಆ ಚೌಕಗಳ ಹಿಂದೆ ಕೂತು ನೀವು ಒಬ್ಬರಿಗೊಬ್ಬರು ಮೀಮ್ ಕಳಿಸಿದಿರಿ. ಮುಖ ಕಾಣದ ಕಡೆ ಬ್ರಹ್ಮಾನಂದಂ ಮುಖವನ್ನೋ ಸಾಧು ಕೋಕಿಲ ಮುಖವನ್ನೋ ಇಟ್ಟಿರಿ. ಹಾಗಾಗಿ ಮೀಮ್ ನಿಮ್ಮ ತಲೆಮಾರಿನ ಚಟ ಎಂದು ಯಾರಾದರೂ ಅಂದರೆ ನಾನು ಪೂರ್ತಿ ಒಪ್ಪುವುದಿಲ್ಲ. ಮೊದಲು ಅದು ನಿಮಗೆ ಸಿಗದ ಕಾರಿಡಾರಿಗೆ ಬದಲಿಯಾಗಿತ್ತು.

ಆದರೆ ಮೀಮಿನ ಭಾಷೆಯನ್ನು ನೀವು ಕಲಿತದ್ದು ಅದಕ್ಕೂ ಮೊದಲೇ. 2016ರಲ್ಲಿ 'ಜಾಗ್ವಾರ್' ಸಿನಿಮಾದ ಪ್ರಚಾರ ಸಮಾರಂಭವೊಂದು ನಡೆಯಿತು. ವೇದಿಕೆಯ ಮೇಲೆ ತಂದೆ ಎಚ್.ಡಿ. ಕುಮಾರಸ್ವಾಮಿ, ಮೊದಲ ಸಲ ನಾಯಕನಾಗುತ್ತಿರುವ ಮಗನನ್ನು ಮೈಕಿನಲ್ಲಿ ಕರೆದರು: ನಿಖಿಲ್, ಎಲ್ಲಿದ್ದೀಯಪ್ಪಾ? ಜನರ ನಡುವೆ ಇದ್ದೇನೆ ಎಂಬ ಅರ್ಥದಲ್ಲಿ ಮಗ ಉತ್ತರ ಕೊಟ್ಟ. ಅಷ್ಟೇ. ಸ್ವಲ್ಪ ನಾಟಕ ಇದ್ದಿರಬಹುದು, ಆದರೂ ಹೆತ್ತವನ ಹಿಗ್ಗು ಅದು. ಎರಡೂವರೆ ವರ್ಷ ಆ ವಿಡಿಯೊ ಯಾರ ನಿದ್ದೆಯನ್ನೂ ಕೆಡಿಸದೆ ಬಿದ್ದಿತ್ತು.

2019ರ ಮಾರ್ಚ್‌ನಲ್ಲಿ ನಿಖಿಲ್ ಮಂಡ್ಯ ಲೋಕಸಭಾ ಕ್ಷೇತ್ರದ ಅಭ್ಯರ್ಥಿಯಾದರು. ಎದುರಿಗೆ ಪಕ್ಷೇತರರಾಗಿ ಸುಮಲತಾ ಅಂಬರೀಶ್. ಯಾರೋ ಆ ಹಳೆಯ ತುಣುಕನ್ನು ಹೆಕ್ಕಿ ತೆಗೆದರು. ಆ ಹೊತ್ತಿಗೆ ಡೇಟಾ ಅಗ್ಗವಾಗಿ ಎಷ್ಟೋ ಮನೆಗಳಿಗೆ ಸ್ಮಾರ್ಟ್‌ಫೋನ್ ಬಂದಿತ್ತು. ನೀವು ಎಸ್ಸೆಸ್ಸೆಲ್ಸಿ ಬರೆಯುತ್ತಿದ್ದಿರಿ. ಏಪ್ರಿಲ್ ಮೊದಲ ವಾರ ನಿಮ್ಮ ಪರೀಕ್ಷೆ ಮುಗಿಯಿತು, 18ಕ್ಕೆ ಮಂಡ್ಯದಲ್ಲಿ ಮತದಾನ. ಬೇರೆ ಕೆಲಸವಿಲ್ಲದ ರಜೆ, ಕೈಯಲ್ಲಿ ಅಪ್ಪನದೋ ಅಮ್ಮನದೋ ಫೋನು. ಮದುವೆ ಮನೆಯಲ್ಲಿ ವರನನ್ನು ಕರೆಯಲು, ಬಾರದ ಬಸ್ಸಿಗೆ, ಕಾಣೆಯಾದ ಚಪ್ಪಲಿಗೆ, ಎಲ್ಲಕ್ಕೂ ಅದೇ ಕೂಗು. ನಿಖಿಲ್ ಒಂದೂಕಾಲು ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋತರು. ಮೀಮೇ ಸೋಲಿಸಿತು ಎಂದು ಬೀಗುವವರಿದ್ದಾರೆ. ನನಗೆ ನಂಬಿಕೆ ಬರುವುದಿಲ್ಲ. ಅಂಬರೀಶ್ ತೀರಿಕೊಂಡು ಐದು ತಿಂಗಳೂ ಆಗಿರಲಿಲ್ಲ, ಬಿಜೆಪಿ ಸುಮಲತಾ ಅವರನ್ನು ಬೆಂಬಲಿಸಿತ್ತು, ದರ್ಶನ್ ಮತ್ತು ಯಶ್ ಊರೂರು ತಿರುಗಿದ್ದರು. ಮೀಮ್ ಮತ ಹಾಕುವುದಿಲ್ಲ. ಮತ ಹಾಕುವವರು ಮೊದಲೇ ಒಳಗೊಳಗೆ ಅಂದುಕೊಂಡಿದ್ದನ್ನು ಜೋರಾಗಿ ಹೇಳಿಸುತ್ತದೆ.

ಅಷ್ಟು ವಿಡಿಯೊಗಳಿರುವಾಗ ಅದೊಂದೇ ಯಾಕೆ ಹಿಡಿಯಿತು? ಅದರಲ್ಲೊಂದು ಖಾಲಿ ಜಾಗವಿತ್ತು, ಅದಕ್ಕೆ. ನಿಖಿಲ್ ಹೆಸರು ತೆಗೆದು ಯಾವ ಹೆಸರನ್ನಾದರೂ ಕೂರಿಸಬಹುದು. ಪ್ರಶ್ನೆಯ ಜೊತೆಗೆ ಉತ್ತರವೂ ಸಿದ್ಧವಿತ್ತು. ನಿಮ್ಮದೇ ದಿನಚರಿಯಿಂದ ನೋಡೋಣ. ಬೆಳಿಗ್ಗೆ ಒಂಬತ್ತಕ್ಕೆ ಲ್ಯಾಬ್. ಒಬ್ಬ ಹೆಬ್ಬಾಳದ ಮೇಲ್ಸೇತುವೆಯಲ್ಲಿ ಸಿಕ್ಕಿಕೊಂಡಿದ್ದಾನೆ, ರೆಕಾರ್ಡ್ ಬುಕ್ ಅವನ ಬ್ಯಾಗಿನಲ್ಲಿದೆ. ಗುಂಪಿಗೆ ಮೀಮ್ ಬೀಳುತ್ತದೆ: ಎಲ್ಲಿದ್ದೀಯಪ್ಪಾ? ಅವನು ಕಿಕ್ಕಿರಿದ ಬಿಎಂಟಿಸಿ ಬಸ್ಸಿನೊಳಗಿಂದ ಬರೆಯುತ್ತಾನೆ: ಜನರ ಮಧ್ಯೆ. ಎಲ್ಲರೂ ನಗುತ್ತಾರೆ. ಇಲ್ಲಿ ನಡೆದದ್ದೇನು ಗಮನಿಸಿ. ಕೇಳಿದವಳಿಗೆ ಸಿಟ್ಟು ಬಂದಿತ್ತು, ಆದರೆ ಬೈಯಲಿಲ್ಲ. ಅವನು ತಪ್ಪು ಮಾಡಿದ್ದ, ಕ್ಷಮೆ ಕೇಳಲಿಲ್ಲ. ಆದರೂ ಇಬ್ಬರಿಗೂ ವಿಷಯ ಮುಟ್ಟಿತು. ಬಿಹಾರದಿಂದ ಬಂದ ಅವನ ರೂಮ್‌ಮೇಟಿಗೂ ಅರ್ಥವಾಯಿತು, ಆ ಹುಡುಗನ ಕನ್ನಡ ಅಲ್ಲಿಂದಲೇ ಶುರುವಾದರೂ ಆಶ್ಚರ್ಯವಿಲ್ಲ. ಸ್ನೇಹ ಕೆಡದಂತೆ ದೂರು ಹೇಳುವ ದಾರಿ ಇದು. ನಮ್ಮ ಕಾಲದಲ್ಲಿ ಅಂಥದೊಂದಕ್ಕೆ ಎರಡು ದಿನ ಮಾತು ಬಿಡುತ್ತಿದ್ದೆವು.

ಹಿರಿಯರು ಮೀಮನ್ನು ಗಾದೆಗೆ ಹೋಲಿಸುವುದುಂಟು. ಹೋಲಿಕೆ ಅರ್ಧ ಸರಿ. ಗಾದೆಯೂ ಎರವಲು ಮಾತೇ, ಅದೂ ಆಡಿದವರ ಮೈಮೇಲೆ ಬರುವುದಿಲ್ಲ. ಆದರೆ ಗಾದೆಗೆ ಮುಖವಿಲ್ಲ. ಗಾದೆಯ ಅತ್ತೆ ಸೊಸೆ ಯಾವ ಬೀದಿಯವರೂ ಅಲ್ಲ, ಅವರಿಗೆ ನೋವಾಗುವ ಪ್ರಶ್ನೆಯಿಲ್ಲ. ಮೀಮಿಗೆ ಮುಖವಿದೆ, ಆ ಮುಖದವರು ಬದುಕಿದ್ದಾರೆ, ಅವರ ಕೈಯಲ್ಲೂ ಫೋನಿದೆ. ಅಧಿಕಾರದಲ್ಲಿರುವವರು ಇದನ್ನು ತಡೆದುಕೊಳ್ಳಬೇಕು. ಚುನಾವಣೆಗೆ ನಿಂತವರನ್ನು ಜನ ಅಣಕಿಸದೆ ಇನ್ನು ಯಾರನ್ನು ಅಣಕಿಸಬೇಕು? ಆದರೆ ಟಿವಿ ಮೈಕಿನ ಮುಂದೆ ಒಂದು ಮಾತು ತಪ್ಪಾಗಿ ಆಡಿದ ತರಕಾರಿ ಮಾರುವಾಕೆ, ಕುಡಿದು ಅತ್ತ ಯಾರದೋ ಅಪ್ಪ, ಇವರು ಯಾವ ಚುನಾವಣೆಗೂ ನಿಂತಿರಲಿಲ್ಲ. ಫಾರ್ವರ್ಡ್ ಮಾಡುವ ಹೊತ್ತಿನಲ್ಲಿ ಎರಡು ಬಗೆಯ ಮೀಮುಗಳೂ ಒಂದೇ ಥರ ಕಾಣುತ್ತವೆ. ತಮಾಷೆಗಾಗಿ ಹಿಂದುಮುಂದನ್ನು ಕತ್ತರಿಸುವಾಗ, ಆ ಮನುಷ್ಯ ಯಾಕೆ ಹಾಗೆ ಮಾತಾಡಿದ ಎನ್ನುವುದೂ ಕತ್ತರಿಸಿ ಹೋಗಿರುತ್ತದೆ.

ಇನ್ನೊಂದು ಮಾತು ನಿಮಗೆಲ್ಲ ಬಾಯಿಪಾಠ: ಈ ಸಲ ಕಪ್ ನಮ್ದೇ. ಅದು ಮೊದಲು ಆಸೆಯಾಗಿತ್ತು, ಆರ್‌ಸಿಬಿ ಸೋಲುತ್ತಾ ಹೋದಂತೆ ಬೇರೆ ಊರಿನವರ ಗೇಲಿಯಾಯಿತು, ಆಮೇಲೆ ನೀವೇ ನಿಮ್ಮನ್ನು ಗೇಲಿ ಮಾಡಿಕೊಳ್ಳುವ ಜಾಣತನವಾಯಿತು. 2023ರಲ್ಲಿ ನಾಯಕ ಡು ಪ್ಲೆಸಿ ಬಾಯಿತಪ್ಪಿ 'ಈ ಸಲ ಕಪ್ ನಹೀ' ಅಂದಾಗ ಪಕ್ಕದಲ್ಲಿದ್ದ ಕೊಹ್ಲಿಗೆ ನಗು ತಡೆಯಲಾಗಲಿಲ್ಲ. 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಆರು ರನ್ನಿನಿಂದ ಗೆದ್ದಾಗ ಪುರುಷರ ತಂಡದ ಮಟ್ಟಿಗೆ ಆ ಸಾಲು ಮೊದಲ ಸಲ ಬರೀ ನಿಜವಾಯಿತು. ಹದಿನೆಂಟು ವರ್ಷ ಕಾದ ನಿಜ. ಮರುದಿನ ಮಧ್ಯಾಹ್ನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಕಾಲ್ತುಳಿತದಲ್ಲಿ 11 ಜನ ಸತ್ತರು. ಹೆಚ್ಚಿನವರು ನಿಮ್ಮದೇ ಓರಗೆಯವರು, ಕೆಲವರು ನಿಮಗಿಂತ ಚಿಕ್ಕವರು. ಆ ಸಂಜೆ ಈ ನಗರದ ಎಷ್ಟೋ ಮನೆಗಳಿಂದ ಫೋನು ಹೋಗಿರಬೇಕು: ಎಲ್ಲಿದ್ದೀಯಪ್ಪಾ? ಯಾರೂ ತಮಾಷೆ ಮಾಡುತ್ತಿರಲಿಲ್ಲ.

ಮೀಮ್ ಭಾಷೆಯ ಗಡಿ ಇಲ್ಲಿದೆ ಎಂದು ನನಗನಿಸುತ್ತದೆ. 'ನನಗೂ ಹಾಗೇ' ಎಂದು ಹೇಳಲು ಅದಕ್ಕಿಂತ ಒಳ್ಳೆಯ ಭಾಷೆ ನನಗೆ ಗೊತ್ತಿಲ್ಲ. ಪರೀಕ್ಷೆಯ ಭಯ, ಕೆಲಸ ಸಿಗದ ಬೇಸರ, ಹೆಬ್ಬಾಳದ ಟ್ರಾಫಿಕ್, ಎಲ್ಲರಿಗೂ ಆಗುವುದನ್ನು ಅದು ಚೆನ್ನಾಗಿ ಹಿಡಿಯುತ್ತದೆ. ನಿಮಗೊಬ್ಬರಿಗೇ ಆದದ್ದಕ್ಕೆ ಅದರಲ್ಲಿ ಜಾಗವಿಲ್ಲ. ಖಾಲಿ ಜಾಗ ಎಲ್ಲರ ಅಳತೆಗೆ ಕತ್ತರಿಸಿದ್ದು. ಮಗನನ್ನು ಕಳೆದುಕೊಂಡವರಿಗೆ ಏನು ಬರೆಯುವುದು, ರೆಕಾರ್ಡ್ ಬುಕ್ ಮರೆತದ್ದಕ್ಕಿಂತ ದೊಡ್ಡ ತಪ್ಪು ಮಾಡಿದಾಗ ಹೇಗೆ ಕ್ಷಮೆ ಕೇಳುವುದು, ಇದಕ್ಕೆ ಯಾವ ಟೆಂಪ್ಲೇಟೂ ಸಿಗುವುದಿಲ್ಲ. ತಡವರಿಸುತ್ತಲೇ ಬರೆಯಬೇಕು. ಮೂರು ಸಲ ಅಳಿಸಿ ಬರೆದ, ವ್ಯಾಕರಣ ಕೆಟ್ಟ ಎರಡು ಸಾಲು ಪರವಾಗಿಲ್ಲ.

ಮುಂದಿನ ತಿಂಗಳಿಂದ ನಿಮ್ಮಲ್ಲಿ ಕೆಲವರು ಮಾನ್ಯತಾದಲ್ಲಿ, ಕೆಲವರು ವೈಟ್‌ಫೀಲ್ಡಿನಲ್ಲಿ, ಕೆಲವರು ಇನ್ನೂ ಹುಡುಕಾಟದಲ್ಲಿ ಇರುತ್ತೀರಿ. ಕಾಲೇಜಿನ ಗುಂಪು ಸದ್ದಿಲ್ಲದೆ ತೆಳುವಾಗುತ್ತದೆ, ವಾರಕ್ಕೊಂದು ಮೀಮ್ ಬಂದು ನಾಲ್ಕು ನಗುಮುಖ ಬೀಳುತ್ತವೆ. ನಗುಮುಖ ಹಾಕುವುದನ್ನೇ ಬಿಟ್ಟ ಒಬ್ಬನೋ ಒಬ್ಬಳೋ ಇರುತ್ತಾರೆ. ಅವರಿಗೆ ಮತ್ತೊಂದು ಮೀಮ್ ಕಳಿಸಬೇಡಿ, ಫೋನ್ ಮಾಡಿ.