ಎರಡನೇ ಪುಸ್ತಕದ ಬೇಸರ

ನಮ್ಮ ಕಲ್ಯಾಣದುರ್ಗದವರಿಗೆ ಚಿತ್ರದುರ್ಗ ದೂರದ ಊರೇನಲ್ಲ. ಆ ದುರ್ಗದ ಮೇಲೆ ತ.ರಾ.ಸು. ಬರೆದ ‘ಕಂಬನಿಯ ಕುಯಿಲು’ ಮೆಚ್ಚಿದ ಹಿಂದೂಪುರದ ಮೇಷ್ಟ್ರೊಬ್ಬರು ‘ರಕ್ತರಾತ್ರಿ’ಗೆ ಬೇಸತ್ತು, ಮೂರನೆಯದು, ‘ತಿರುಗುಬಾಣ’, ಬೇಡ ಅಂತಾರೆ.

ಬೇಸರ ಯಾತರದು ಅಂತ ಮೊದಲು ನೋಡಬೇಕು. ದಳವಾಯಿ ಮುದ್ದಣ್ಣನ ಸಂಚು, ಕೊಲೆ ಕಂಡು ಮನಸ್ಸು ಕಹಿಯಾಗಿದ್ದರೆ ಅದು ಬರವಣಿಗೆಯ ಸೋಲಲ್ಲ. ನಡುವಿನ ಪುಸ್ತಕ ಗಂಟು ಹಾಕುತ್ತದೆ, ಬಿಚ್ಚೋದು ಮೂರನೆಯದು. ಅಲ್ಲೇ ನಿಲ್ಲಿಸಿದರೆ ನಮ್ಮ ಮಟ್ಟಿಗೆ ಮುದ್ದಣ್ಣನೇ ಗೆದ್ದ ಹಾಗೆ. ಆದರೆ ಮಾತಿನ ಆರ್ಭಟವೇ ಸಾಕಾಗಿ, ಮುಂದೇನಾಯ್ತು ಅನ್ನೋ ಕುತೂಹಲವೂ ಸತ್ತಿದ್ದರೆ ಬಿಡಲಿ, ಪಾಪವೇನಿಲ್ಲ. ಲೇಖಕನಿಗೆ ನಾವು ಸಾಲಗಾರರಲ್ಲ. ಆಗಲೂ ‘ದುರ್ಗಾಸ್ತಮಾನ’ ತೆಗೆದು ನೋಡಬಹುದು: ಅದು ಹೈದರಾಲಿಗೆ ದುರ್ಗ ಸೋತ ಕಥೆ, ಹಿಂದಿನವು ಓದದೆಯೂ ತಿಳಿಯುತ್ತೆ. ಇಷ್ಟಾಗಿ, ಮೂರನೆಯದು ಮುಟ್ಟದೆ ‘ಮೂರೂ ಸಾಧಾರಣ’ ಅಂತ ಮಕ್ಕಳ ಮುಂದೆ ಹೇಳೋದು ಮಾತ್ರ ನ್ಯಾಯವಲ್ಲ.