ನಮ್ಮವರನ್ನೇ ಪರೀಕ್ಷಿಸುವುದು ಅಪನಂಬಿಕೆಯೇ?



ಕಳೆದ ವರ್ಷ ನಮ್ಮ ಯುವಕರ ವಾಟ್ಸಾಪ್ ಗುಂಪಿಗೆ ನಾನೇ ಒಂದು ಪೋಸ್ಟರ್ ಹಾಕಿದ್ದೆ. ದುಬೈಯಲ್ಲಿ ವೆಲ್ಡರ್, ಟೈಲರ್ ಬೇಕಾಗಿದ್ದಾರೆ, ಊಟ ವಸತಿ ಉಚಿತ, ಬೇಗ ಸಂಪರ್ಕಿಸಿ ಎಂದು ಅದರಲ್ಲಿತ್ತು. ಕೊಟ್ಟವರು ನಮಗೆ ಪರಿಚಯದವರು, ಮನೆಯಲ್ಲಿ ಕನ್ನಡ ಮಾತಾಡುವವರು. ಕೊಯಮತ್ತೂರಿನಲ್ಲಿ ನಮ್ಮಂಥ ನಾಲ್ಕು ಮನೆಯವರಿಗೆ ಕನ್ನಡದಲ್ಲಿ ಯಾರಾದರೂ ಮಾತಾಡಿಸಿದರೆ ಅರ್ಧ ನಂಬಿಕೆ ಅಲ್ಲೇ ಬಂದುಬಿಡುತ್ತದೆ. ನನಗೂ ಹಾಗೇ ಆಯಿತು.

ಎರಡು ವಾರ ಕಳೆದ ಮೇಲೆ ಒಬ್ಬ ಹುಡುಗನ ತಾಯಿ ಪೂಜೆ ಮುಗಿದ ನಂತರ ನನ್ನನ್ನು ನಿಲ್ಲಿಸಿಕೊಂಡರು. ಮಗ ಗಣಪತಿ ಕಡೆಯ ಒಂದು ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಮಾಡುತ್ತಾನೆ, ಓದಿದ್ದು ಒಂಬತ್ತನೆಯ ತರಗತಿ. ಏಜೆಂಟ್ 1,10,000 ರೂಪಾಯಿ ಕೇಳಿದ್ದರು. "ಒಡವೆ ಅಡವಿಡೋದಾ ಬೇಡವಾ, ನೀನೇ ಹೇಳಪ್ಪಾ" ಎಂದರು. ಲೈಸೆನ್ಸ್ ಕೇಳಿದಿರಾ ಆಂಟಿ ಅಂದೆ. "ನಮ್ಮವರಲ್ವಾ, ಅವರ ಹತ್ತಿರ ಹೋಗಿ ಅದನ್ನೆಲ್ಲ ಕೇಳೋದು ಹೇಗೆ? ಮನಸ್ಸಿಗೆ ನೋವಾಗಲ್ವಾ?"

ಈ ಬರಹ ಅವರ ಆ ಪ್ರಶ್ನೆಯ ಬಗ್ಗೆ. ನಂಬಿದವರಿಂದ ಕಾಗದ ಕೇಳುವುದು ಅವಮಾನವೇ? ಅವರ ಪೋಸ್ಟರನ್ನು ಹಂಚಿದವನು ನಾನು. ಹಾಗಾದರೆ ನನ್ನ ಪಾಲಿನ ಹೊಣೆ ಎಷ್ಟು?

ಆ ಸಂಜೆ ಹುಡುಗನೂ ನಾನೂ ಕೂತು ನೋಡಿದೆವು. ವಿದೇಶದ ಕೆಲಸಕ್ಕೆ ಆಳು ಕಳಿಸುವವರು 1983ರ ವಲಸೆ ಕಾಯ್ದೆಯ ಪ್ರಕಾರ ನೋಂದಣಿ ಪತ್ರ ಪಡೆದಿರಬೇಕು. ಅಂಥವರ ಪಟ್ಟಿ ವಿದೇಶಾಂಗ ಸಚಿವಾಲಯದ emigrate.gov.in ತಾಣದಲ್ಲಿದೆ. ಚಾಲ್ತಿಯಲ್ಲಿರುವವರು ಯಾರು, ರದ್ದಾದವರು ಯಾರು ಎಂಬುದೂ ಅಲ್ಲೇ ಸಿಗುತ್ತದೆ. ಏಜೆಂಟ್ ಕೊಟ್ಟ ಕಾರ್ಡಿನ ಮೇಲಿದ್ದ ನೋಂದಣಿ ಸಂಖ್ಯೆ ಪಟ್ಟಿಯಲ್ಲಿತ್ತು. ಹುಡುಗ ಖುಷಿಯಾಗಿ ಎದ್ದೇಬಿಟ್ಟ. ಆದರೆ ಸಂಖ್ಯೆ ನಿಜವಾಗಿದ್ದರೆ ಸಾಲದು. ಅದು ನಮ್ಮೆದುರು ಕೂತವರದ್ದೇ ಆಗಿರಬೇಕು. ಪಟ್ಟಿಯಲ್ಲಿದ್ದ ವಿಳಾಸ ಚೆನ್ನೈಯದು, ಫೋನ್ ನಂಬರೂ ಬೇರೆ. ಮರುದಿನ ಕಾರ್ಡಿನ ನಂಬರು ಬಿಟ್ಟು ಪಟ್ಟಿಯ ನಂಬರಿಗೆ ಕರೆ ಮಾಡಿದೆವು. ಕೊಯಮತ್ತೂರಿನಲ್ಲಿ ತಮಗೆ ಶಾಖೆಯೂ ಇಲ್ಲ, ಆ ಹೆಸರಿನವರು ಯಾರೂ ಇಲ್ಲ ಎಂದರು. ಇನ್ನೊಬ್ಬರ ಸಂಖ್ಯೆಯನ್ನು ತನ್ನ ಕಾರ್ಡಿನ ಮೇಲೆ ಅಚ್ಚು ಹಾಕಿಸಿಕೊಳ್ಳಲು ಹೆಚ್ಚು ಖರ್ಚೇನೂ ಆಗುವುದಿಲ್ಲ. ಲೈಸೆನ್ಸ್ ಇರುವ ಕಚೇರಿಗಾಗಿ ಊರೂರಲ್ಲಿ ಆಳು ಹಿಡಿಯುವ ಸಬ್ ಏಜೆಂಟನಿಗಂತೂ ಆ ಕಾಯ್ದೆಯಲ್ಲಿ ಜಾಗವೇ ಇಲ್ಲ.

ಇನ್ನು ಹಣದ ವಿಷಯ. 1,10,000ದ ಲೆಕ್ಕವನ್ನು ಬರೆದುಕೊಡಲು ಹುಡುಗ ಕೇಳಿದ. ವೀಸಾಕ್ಕೆ 45,000, ಟಿಕೆಟ್ಟಿಗೆ 25,000, ಮೆಡಿಕಲ್‌ಗೆ 10,000, ಸರ್ವಿಸ್ ಚಾರ್ಜ್ 30,000 ಎಂದು ಬಾಯಲ್ಲಿ ಹೇಳಿದರು, ರಸೀದಿ ಕೊಡಲು ಒಪ್ಪಲಿಲ್ಲ. ನಮ್ಮ ನಿಯಮದಲ್ಲಿ ನೋಂದಾಯಿತ ಏಜೆಂಟ್ ಕೆಲಸಗಾರನಿಂದ ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000, ಅದರ ಮೇಲೆ ಶೇಕಡಾ 18 ಜಿಎಸ್‌ಟಿ, ಒಟ್ಟು 35,400. ಅದಕ್ಕೂ ರಸೀದಿ ಕೊಡಲೇಬೇಕು. ಹೋಗಿಬರುವ ವಿಮಾನದ ಖರ್ಚು ಕೆಲಸ ಕೊಡುವವನದು. ವಲಸೆ ನಿಯಮಗಳ ಪ್ರಕಾರ ಕರಾರಿನಲ್ಲಿ ಇರಲೇಬೇಕಾದ ಮಾತುಗಳಲ್ಲಿ ಅದೂ ಒಂದು. ಯುಎಇಯ ಕಾರ್ಮಿಕ ಕಾನೂನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ: ನೇಮಕಾತಿಯ ಖರ್ಚನ್ನು ಕಂಪನಿಯು ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ ಕೆಲಸಗಾರನಿಂದ ವಸೂಲು ಮಾಡುವಂತಿಲ್ಲ. ಹಾಗಾದರೆ ಆ 45,000 ಯಾರ ಜೇಬಿಗೆ?

ತಾಯಿಗೆ ಸಾಲ ಸಿಗುತ್ತಿದ್ದದ್ದು ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ. ಬಡ್ಡಿಯೇ ತಿಂಗಳಿಗೆ 3,300. ಅಷ್ಟು ಸಾಲ ಹೊತ್ತು ಹೋದವನಿಗೆ ಅಲ್ಲಿ ಹೇಳಿದ ಕೆಲಸ ಸಿಗದಿದ್ದರೂ, ಸಂಬಳ ಕಡಿಮೆಯಾದರೂ, ಎದ್ದು ಬರಲು ಆಗುವುದಿಲ್ಲ. ಯಾರು ದುಡ್ಡು ಕೊಟ್ಟರು ಎಂಬುದು ಲೆಕ್ಕದ ಪ್ರಶ್ನೆ ಮಾತ್ರ ಎಂದು ನಾನು ಅಂದುಕೊಂಡಿದ್ದೆ. ಯಾರು ಯಾರಿಗೆ ಕಟ್ಟುಬೀಳುತ್ತಾರೆ ಎಂಬುದೂ ಅದರಲ್ಲೇ ನಿರ್ಧಾರವಾಗುತ್ತದೆ.

ಇದು ತಿರುಗಿಯೂ ನಡೆಯುತ್ತದೆ. 2016ರಲ್ಲಿ ಉಡುಪಿ ಜಿಲ್ಲೆಯ ಒಬ್ಬ ವಿಧವೆಗೆ ಕತಾರಿನಲ್ಲಿ ಮನೆಗೆಲಸ ಎಂದು ಹೇಳಿ, ಸೌದಿ ಅರೇಬಿಯಾಕ್ಕೆ ಕಳಿಸಿದರು. ಹಿಂದಿರುಗುತ್ತೇನೆ ಎಂದಾಗ ಆ ಮನೆಯೊಡೆಯ, ತಾನು ಏಜೆಂಟರಿಗೆ ಕೊಟ್ಟ 24,000 ರಿಯಾಲ್ ವಾಪಸು ಕೊಟ್ಟರೆ ಮಾತ್ರ ಬಿಡುತ್ತೇನೆ ಎಂದನು. ಉಡುಪಿಯ ಮಾನವ ಹಕ್ಕುಗಳ ರಕ್ಷಣಾ ಪ್ರತಿಷ್ಠಾನದ ಡಾ. ರವೀಂದ್ರನಾಥ ಶಾನುಭಾಗರು ಮತ್ತು ಅಲ್ಲಿನ ಅನಿವಾಸಿಗಳು ಓಡಾಡಿದ ಮೇಲೆ, ಸುಮಾರು ಹದಿನಾಲ್ಕು ತಿಂಗಳ ನಂತರ, 2017ರ ಸೆಪ್ಟೆಂಬರಿನಲ್ಲಿ ಆಕೆ ಊರಿಗೆ ಬಂದರು. ಆಕೆಯ ಬೆಲೆ ಎಷ್ಟೆಂದು ಇಬ್ಬರು ಕೂತು ಮಾತಾಡಿ ಮುಗಿಸಿದ್ದರು. ಆಕೆಗೆ ಅದು ಗೊತ್ತೇ ಇರಲಿಲ್ಲ. ಕೆಲಸ ಕೊಡುವವನು ಖರ್ಚು ಹೊರಬೇಕು, ಸರಿ. ಆದರೆ ಆ ಖರ್ಚಿಗೆ ಆಳನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ಸಿಗುವುದಿಲ್ಲ. ಕರಾರಿನಲ್ಲಿ ಇದನ್ನೆಲ್ಲ ಬರೆಯಬೇಕಾದದ್ದು ಅದಕ್ಕೇ.

ಇಲ್ಲಿ ಎಮಿಗ್ರೇಷನ್ ಕ್ಲಿಯರೆನ್ಸ್ ಎಂಬ ಮಾತು ಬರುತ್ತದೆ. ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಇಸಿಆರ್ ಎಂದು ಅಚ್ಚಾಗಿರುತ್ತದೆ. ಅವರು ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹೋಗುವ ಮೊದಲು ವಲಸೆ ಸಂರಕ್ಷಕರ ಒಪ್ಪಿಗೆ ಪಡೆಯಬೇಕು. ತಮಿಳುನಾಡಿನವರಿಗೆ ಆ ಕಚೇರಿ ಚೆನ್ನೈಯಲ್ಲಿದೆ. ಆ ಒಪ್ಪಿಗೆಗೆ ಕರಾರು ಸಲ್ಲಿಸಬೇಕು, ಪ್ರವಾಸಿ ಭಾರತೀಯ ಬಿಮಾ ಯೋಜನೆಯ ಹತ್ತು ಲಕ್ಷದ ವಿಮೆ ಮಾಡಿಸಬೇಕು. ಎರಡು ವರ್ಷದ ವಿಮೆಗೆ 275 ರೂಪಾಯಿ. ಮುಂದೆ ಅಲ್ಲಿ ಇನ್ನೊಂದು ಕಾಗದಕ್ಕೆ ಸಹಿ ಹಾಕಿಸಿಕೊಂಡು ಸಂಬಳ ಇಳಿಸಿದರೂ ಮೊದಲ ಕರಾರು ಸರ್ಕಾರದ ದಾಖಲೆಯಲ್ಲಿ ಉಳಿದಿರುತ್ತದೆ.

ನಮ್ಮ ಹುಡುಗನ ಪಾಸ್‌ಪೋರ್ಟಿನಲ್ಲಿ ಇಸಿಆರ್ ಇತ್ತು. ಆದರೆ ಕ್ಲಿಯರೆನ್ಸ್ ಮಾತೇ ಬಂದಿರಲಿಲ್ಲ. "ಮೊದಲು ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಬದಲಾಯಿಸಿಕೊಡ್ತಾರೆ" ಎಂದಿದ್ದರಂತೆ. ನಾನು ಕಂಡಂತೆ ಎಲ್ಲಕ್ಕಿಂತ ದೊಡ್ಡ ಗುರುತು ಇದೇ. ಪ್ರವಾಸಿಯೆಂದು ಹೊರಟವನ ಕರಾರು ಎಲ್ಲೂ ದಾಖಲಾಗುವುದಿಲ್ಲ, ಈ ವಿಮೆಯೂ ಇರುವುದಿಲ್ಲ. ನಾಳೆ ತಕರಾರು ಬಂದರೆ ತಾನು ಕೆಲಸಕ್ಕೇ ಬಂದವನು ಎಂಬುದನ್ನೇ ಅವನು ಸಾಬೀತು ಮಾಡಬೇಕಾಗುತ್ತದೆ. ತಪ್ಪು ವೀಸಾದಲ್ಲಿ ದುಡಿದದ್ದಕ್ಕೆ ಅವನ ಮೇಲೇ ಕ್ರಮ ಬರಬಹುದು.

ಆಂಟಿಯ ಪ್ರಶ್ನೆಗೆ ಬರುತ್ತೇನೆ. ಪ್ರಾಮಾಣಿಕ ಏಜೆಂಟನಿಗೆ ಈ ಕಾಗದಗಳನ್ನು ತೋರಿಸುವುದು ಕಷ್ಟವಲ್ಲ, ಅವನ ವೃತ್ತಿಯೇ ಅದು. ನಾವು ಕೇಳಲು ನಾಚಿಕೊಂಡರೆ ಲಾಭವಾಗುವುದು ತೋರಿಸಲು ಇಲ್ಲದವನಿಗೆ. ಹಾಗಿದ್ದರೂ ನಾನು ಒಂದು ವಿಷಯದಲ್ಲಿ ಅವರ ಜೊತೆಗಿದ್ದೇನೆ: ಕೇಳುವ ಭಾರವನ್ನೆಲ್ಲ ಅವರೊಬ್ಬರ ತಲೆಗೆ ಹಾಕುವುದು ಸರಿಯಲ್ಲ. ತಮಿಳು ಓದಲು ಬಾರದ, ಕಂಪ್ಯೂಟರ್ ಮುಟ್ಟದ ತಾಯಿ ಪರಿಶೀಲಿಸಬೇಕಾದದ್ದನ್ನು, ಡಿಗ್ರಿ ಮಾಡಿ ಫೋನ್ ಕೈಯಲ್ಲೇ ಇಟ್ಟುಕೊಂಡ ನಾನು ಪರಿಶೀಲಿಸದೆ ಹಂಚಿದ್ದೆ. ಅವರು ನಂಬಿದ್ದು ಏಜೆಂಟನನ್ನಲ್ಲ, ಆ ಗುಂಪಿನಲ್ಲಿ ಬಂದ ನನ್ನ ಹೆಸರನ್ನು. "ನೀನು ಹಾಕಿದ್ದಲ್ವಾ, ಅದಕ್ಕೇ" ಎಂದು ಅವರೇ ಹೇಳಿದರು.

ಪೋಸ್ಟರನ್ನು ಅಳಿಸಿ, ಯಾಕೆ ಅಳಿಸಿದೆ ಎಂದು ಅದೇ ಗುಂಪಿನಲ್ಲಿ ಬರೆದೆ. ಏಜೆಂಟರ ಮನೆಗೂ ಹೋಗಿ ಹೇಳಿದೆ. ಅವರಿಗೆ ಕೋಪ ಬಂತು, ಈಗಲೂ ನನ್ನ ಜೊತೆ ಮಾತಿಲ್ಲ. ಹುಡುಗ ತಮಿಳುನಾಡು ಸರ್ಕಾರದ್ದೇ ಆದ ಓವರ್‌ಸೀಸ್ ಮ್ಯಾನ್‌ಪವರ್ ಕಾರ್ಪೊರೇಷನ್‌ನಲ್ಲಿ ಹೆಸರು ನೋಂದಾಯಿಸಿ ಕಾಯುತ್ತಿದ್ದಾನೆ. ಹತ್ತನೆಯ ತರಗತಿಗೂ ಖಾಸಗಿಯಾಗಿ ಕಟ್ಟಿದ್ದಾನೆ. ಅವನ ತಾಯಿಯ ಒಡವೆ ಮನೆಯಲ್ಲೇ ಇದೆ.