ವಯಸ್ಸು ಕೇಳುವ ಬಾಗಿಲು

ಟಾಕೀಸುಗಳ ಕಾಲದಲ್ಲಿ ‘ಎ’ ಸರ್ಟಿಫಿಕೇಟಿನ ಸಿನಿಮಾಕ್ಕೆ ಹೋದರೆ ಗೇಟಿನವನು ಒಮ್ಮೆ ಮುಖ ನೋಡುತ್ತಿದ್ದ. ಮೀಸೆ ಚಿಗುರಿದ್ದರೆ ಒಳಗೆ, ಇಲ್ಲದಿದ್ದರೆ ಹೊರಗೆ. ಅವನ ಲೆಕ್ಕ ಎಷ್ಟೋ ಸಲ ತಪ್ಪುತ್ತಿತ್ತು. ಆದರೆ ನೋಡಿದ ಮುಖವನ್ನು ಅವನು ಮರುಕ್ಷಣ ಮರೆಯುತ್ತಿದ್ದ. ಈಗ ಫೋನಿನ ಪರದೆ ವಯಸ್ಸು ಕೇಳುವಾಗ ನನಗೆ ಅವನ ಆ ಮರೆವೇ ನೆನಪಾಗುತ್ತದೆ.

ಕೆಲವರನ್ನು ಮಾತ್ರ ಯಾಕೆ ಕೇಳುತ್ತದೆ ಎಂಬ ಪ್ರಶ್ನೆ ನಮ್ಮ ಮನೆಯಲ್ಲೇ ಎದ್ದಿತ್ತು. ಅಕ್ಕನ ದೊಡ್ಡ ಮಗಳು ಜರ್ಮನಿಯಲ್ಲಿ ನರ್ಸ್, ವಯಸ್ಸು 27. ಚಿಕ್ಕವಳು ಇಲ್ಲೇ ಕದ್ರಿಯ ಮನೆಯಿಂದ ನರ್ಸಿಂಗ್ ಕಾಲೇಜಿಗೆ ಹೋಗುತ್ತಾಳೆ, ವಯಸ್ಸು 19. ಶಸ್ತ್ರಚಿಕಿತ್ಸೆಯ ಒಂದು ವಿಡಿಯೋವನ್ನು ಇಬ್ಬರೂ ನೋಡಲು ಹೊರಟರು. ಚಿಕ್ಕವಳಿಗೆ ಅದು ಒಂದು ಎಚ್ಚರಿಕೆ ತೋರಿಸಿ ತೆರೆದುಕೊಂಡಿತು. ದಿನಾ ರಕ್ತ ಒರೆಸುವ ದೊಡ್ಡವಳಿಗೆ ಗುರುತಿನ ಚೀಟಿ ಅಥವಾ ಕ್ರೆಡಿಟ್ ಕಾರ್ಡ್ ತೋರಿಸು ಎಂದಿತು. “ಮಾಮ, ನಾನೇನು ಸಣ್ಣ ಮಗುವಾ?” ಎಂದು ಅವಳು ಫೋನಿನಲ್ಲಿ ನಗಾಡಿದಳು. ಅದೇ ವಿಡಿಯೋ ಅಮ್ಮನ ಫೋನಿನಲ್ಲಿ ತೆರೆಯಲೇ ಇಲ್ಲ, ಅದರಲ್ಲಿ ಯಾರ ಖಾತೆಯೂ ಇರಲಿಲ್ಲ.

ಇದರಲ್ಲಿ ಯಂತ್ರದ ಹುಚ್ಚಾಟವೇನಿಲ್ಲ. ಮೊದಲು ಗುರುತು ಬೀಳುವುದು ನೋಡುವವರ ಮೇಲಲ್ಲ, ವಿಡಿಯೋದ ಮೇಲೆ. ಯೂಟ್ಯೂಬಿನ ಪದ್ಧತಿಯನ್ನೇ ತೆಗೆದುಕೊಂಡರೆ, ಹಿಂಸೆ, ನಗ್ನತೆ, ಅಪಾಯದ ಸಾಹಸ, ಅತಿಯಾದ ಬೈಗುಳ ಇರುವ ವಿಡಿಯೋಗಳಿಗೆ 18ರ ಮಿತಿ ಬೀಳಬಹುದು. ಹಾಕಿದವರೇ ಆ ಮಿತಿ ಇಡಬಹುದು, ಪರಿಶೀಲಕರು ಇಡಬಹುದು. 2020ರಿಂದ ಈ ಕೆಲಸಕ್ಕೆ ಯಂತ್ರವನ್ನೂ ಹೆಚ್ಚಾಗಿ ಬಳಸುತ್ತಿದ್ದಾರೆ. ಗುರುತು ಬಿದ್ದ ವಿಡಿಯೋ ಖಾತೆಯಿಲ್ಲದವರಿಗೆ ಕಾಣುವುದಿಲ್ಲ. ಅಮ್ಮನ ಫೋನಿಗೆ ಆದದ್ದು ಇಷ್ಟೇ. ಖಾತೆ ಇದ್ದರೆ ಅದರಲ್ಲಿ ಬರೆದ ಹುಟ್ಟಿದ ದಿನಾಂಕ ನೋಡುತ್ತಾರೆ. ಆ ದಿನಾಂಕವನ್ನು ನಂಬಬೇಕೋ ಬೇಡವೋ ಎಂಬಲ್ಲಿ ದೇಶದ ಕಾನೂನು ನಡುವೆ ಬರುತ್ತದೆ. ಯುರೋಪಿನ ಒಕ್ಕೂಟದಲ್ಲಿ ದೃಶ್ಯಮಾಧ್ಯಮದ ನಿಯಮ ಬಿಗಿಯಾದ ಮೇಲೆ, ಬರೆದ ದಿನಾಂಕ ಸಾಲದು, ಪುರಾವೆ ಬೇಕು ಎಂದಾಯಿತು. ಹಾಗಾಗಿ ದೊಡ್ಡವಳನ್ನು ತಡೆದದ್ದು ಅವಳ ವಯಸ್ಸಲ್ಲ, ಅವಳು ನಿಂತಿದ್ದ ನೆಲ.

ನಮ್ಮಲ್ಲಿ ನಿಯಮ ಇಲ್ಲವೆಂದಲ್ಲ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಓಟಿಟಿಯವರಿಗೆ ‘ಎ’ ವರ್ಗದ ಚಿತ್ರಗಳಿಗೆ ವಯಸ್ಸು ಖಾತ್ರಿಪಡಿಸುವ ವಿಶ್ವಾಸಾರ್ಹ ವ್ಯವಸ್ಥೆ ಇರಬೇಕೆಂದು ಹೇಳುತ್ತವೆ. ‘ವಿಶ್ವಾಸಾರ್ಹ’ ಎಂದರೆ ಏನು ಎಂದು ಬಿಡಿಸಿ ಹೇಳುವುದಿಲ್ಲ. ನಾಲ್ಕಂಕಿಯ ಪಿನ್ ಇಟ್ಟರೂ ನಡೆಯುತ್ತದೆ, ಆ ಪಿನ್ ಮನೆಯ ಮಕ್ಕಳಿಗೆ ಅಪ್ಪನಿಗಿಂತ ಮೊದಲು ಗೊತ್ತಿರುತ್ತದೆ.

ಹಾಗೆ ನೋಡಿದರೆ ದಿನಾಂಕದ ಸತ್ಯ ನಮಗೆ ಯಾವತ್ತೂ ಅಷ್ಟು ಗಟ್ಟಿಯಾಗಿರಲಿಲ್ಲ. ಕರ್ನಾಟಕದ ಹಳೆಯ ತಲೆಮಾರಿನ ಎಷ್ಟೋ ಮಂದಿಯ ಜನ್ಮದಿನ ಜೂನ್ 1, ಶಾಲೆಗೆ ಸೇರಿಸಿಕೊಂಡ ಮೇಷ್ಟ್ರು ಬರೆದ ದಿನ. ಗುರುತಿನ ಚೀಟಿ ತೋರಿಸುವುದೂ ಆ ಮೇಷ್ಟ್ರ ಲೆಕ್ಕವನ್ನೇ. ಹಾಗೆಂದು ಚೀಟಿಯನ್ನು ನಾನು ಹಗುರ ಮಾಡುತ್ತಿಲ್ಲ. ಅದರಲ್ಲಿ ಒಂದು ಮರ್ಯಾದೆ ಇದೆ: ಕೇಳುತ್ತಿದ್ದಾರೆ ಎಂದು ನನಗೆ ಗೊತ್ತಾಗುತ್ತದೆ, ಬೇಡವೆಂದು ನಾನು ಹಿಂದೆ ಸರಿಯಬಹುದು.

ನನಗೆ ಹೆಚ್ಚು ಕಸಿವಿಸಿ ಮಾಡುವುದು ಕೇಳದೆ ಊಹಿಸುವ ವಿಧಾನ. 2025ರ ಆಗಸ್ಟಿನಲ್ಲಿ ಅಮೆರಿಕದಲ್ಲಿ ಯೂಟ್ಯೂಬ್ ಇದನ್ನು ಶುರುಮಾಡಿತು. ಏನು ಹುಡುಕುತ್ತೀರಿ, ಯಾವ ಬಗೆಯ ವಿಡಿಯೋ ನೋಡುತ್ತೀರಿ, ಖಾತೆ ಎಷ್ಟು ಹಳೆಯದು ಎಂಬುದರಿಂದ ಯಂತ್ರ ವಯಸ್ಸನ್ನು ಅಂದಾಜು ಮಾಡುತ್ತದೆ. 18ಕ್ಕಿಂತ ಕಡಿಮೆ ಎಂದು ಕಂಡರೆ, ನೀವು ಬರೆದ ದಿನಾಂಕ ಏನೇ ಇರಲಿ, ಮಿತಿ ಬೀಳುತ್ತದೆ. ತಪ್ಪಾಗಿದ್ದರೆ ನೀವೇ ಚೀಟಿ, ಕಾರ್ಡ್ ಅಥವಾ ಸೆಲ್ಫಿ ಕೊಟ್ಟು ಸಾಬೀತು ಮಾಡಬೇಕು. ಒಬ್ಬರಿಗೆ ಒಂದು ಫೋನ್ ಎಂಬ ನಂಬಿಕೆಯ ಮೇಲೆ ಈ ಊಹೆ ನಿಂತಿದೆ. ನಮ್ಮ ಮನೆಗಳಲ್ಲಿ ಹಾಗಲ್ಲವಲ್ಲ ಮಾರಾಯ್ರೆ! ಬೆಳಿಗ್ಗೆ ಅದೇ ಫೋನಿನಲ್ಲಿ ಅಜ್ಜಿ ಭಜನೆ ಕೇಳುತ್ತಾರೆ, ಮಧ್ಯಾಹ್ನ ಮೊಮ್ಮಗ ಅನ್ನ ಉಣ್ಣಲು ಕಾರ್ಟೂನು, ರಾತ್ರಿ ಭಾವನ ಯಕ್ಷಗಾನ. ಕಾರ್ಟೂನಿನ ಪಾಲು ಹೆಚ್ಚಿದ್ದರೆ ಅಜ್ಜಿ ಎಷ್ಟು ವರ್ಷದವರಾಗಬಹುದು?

ಮಕ್ಕಳನ್ನು ಕಾಯುವುದು ಬೇಡವೆನ್ನುವವನು ನಾನಲ್ಲ. ಹತ್ತು ವರ್ಷದ ಹುಡುಗ ಸೀಳಿದ ದೇಹವನ್ನು ನೋಡಬಾರದು, ಅದಕ್ಕಾಗಿ ದೊಡ್ಡವರು ಒಂದಿಷ್ಟು ಕಿರಿಕಿರಿ ಸಹಿಸಬೇಕಾದದ್ದೇ. ಸೊಸೆ ಕಾರ್ಡ್ ತೋರಿಸಿದ್ದು ಆ ಮಟ್ಟಿನ ಕಿರಿಕಿರಿ. ಆದರೆ ಊಹೆಯಲ್ಲಿ ಒಂದು ಗಂಟಿದೆ. ನಮ್ಮ 2023ರ ವೈಯಕ್ತಿಕ ದತ್ತಾಂಶ ಕಾನೂನು, 18 ತುಂಬದವರ ನಡವಳಿಕೆಯ ಮೇಲೆ ಕಣ್ಣಿಡಬಾರದು ಎಂದು ಹೇಳುತ್ತದೆ. ನಡವಳಿಕೆ ನೋಡಿಯೇ ಮಗುವನ್ನು ಹುಡುಕಬೇಕಾದರೆ, ಯಾರು ಮಗು ಎಂದು ತಿಳಿಯುವ ಮೊದಲೇ ಎಲ್ಲರ ಮೇಲೂ ಕಣ್ಣಿಟ್ಟಿರಬೇಕಾಗುತ್ತದೆ, ಆ ಮಗುವಿನ ಮೇಲೂ.